ವಿಳಾಸದ ಹಳ್ಳಿ, ಪತ್ರದ ಹಳ್ಳಿ

"ಅಕ್ಕ, ಇ.ಸಿ. ಬಂತು. ಫಾರಂ 16. ಏನೂ ಇಲ್ಲ ಅಂತಿದೆ," ಎಂದು ತಮ್ಮ ಬೆಂಗಳೂರಿನಿಂದ ಫೋನ್ ಮಾಡಿದಾಗ ಅವನ ದನಿಯಲ್ಲಿ ನೆಮ್ಮದಿ ಇತ್ತು. ಇ.ಸಿ. ಎಂದರೆ ಋಣಭಾರ ಪ್ರಮಾಣಪತ್ರ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಕಾಗದ. ಅಪ್ಪ ಬಿಟ್ಟುಹೋದ ಮನೆಯ ಮೇಲೆ ಯಾವ ಸಾಲ, ಯಾವ ತಕರಾರು ಇಲ್ಲ ಎಂದು ಸರ್ಕಾರವೇ ಬರೆದುಕೊಟ್ಟಂತಾಯಿತಲ್ಲ ಎಂಬುದು ಅವನ ಲೆಕ್ಕ. ನಾನು ಮೈಸೂರಿನಲ್ಲಿ ಅಡುಗೆಮನೆಯಲ್ಲಿ ನಿಂತು "ಒಳ್ಳೆಯದಾಯ್ತು" ಎಂದೆ. ಫೋನ್ ಇಟ್ಟು ಎರಡು ನಿಮಿಷ ಆಗಿರಬೇಕು, ಮನಸ್ಸಿಗೆ ಏನೋ ಚುಚ್ಚಿತು. 2011ರಲ್ಲಿ ತಂಗಿಯ ಮದುವೆಗೆ ಅಪ್ಪ ಅದೇ ಮನೆಯನ್ನು ಸಹಕಾರಿ ಬ್ಯಾಂಕಿಗೆ ಅಡಮಾನ ಇಟ್ಟಿದ್ದರು. ಪತ್ರಕ್ಕೆ ಸಾಕ್ಷಿ ಹಾಕಿದ್ದು ನಾನೇ. ನೋಂದಣಿ ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕಾದದ್ದೂ ನೆನಪಿದೆ. ಸಾಲ 2017ರಲ್ಲಿ ತೀರಿತು, ಅದಕ್ಕೂ ಪತ್ರವಾಯಿತು. ತೀರಿದ ಸಾಲವಾದರೂ ಇ.ಸಿ.ಯಲ್ಲಿ ಎರಡು ಸಾಲು ಬರಲೇಬೇಕು: ಇಟ್ಟದ್ದು ಒಂದು, ಬಿಡಿಸಿಕೊಂಡದ್ದು ಇನ್ನೊಂದು.

ಹಾಗಾದರೆ ಈ "ಏನೂ ಇಲ್ಲ" ಯಾವ ಮನೆಯದು?

ಇದನ್ನು ಬರೆಯುತ್ತಿರುವುದು ಆ ಪ್ರಶ್ನೆಯ ಹಿಂದೆ ಎಂಟು ತಿಂಗಳು ನಡೆದದ್ದನ್ನು ಹೇಳುವುದಕ್ಕೆ. ನಮ್ಮ ಆಸ್ತಿ ಯಾವ ಉಪನೋಂದಣಿ ಕಚೇರಿಗೆ ಸೇರಿದ್ದು, ಆ ಕಚೇರಿ ಎಲ್ಲಿದೆ ಎನ್ನುವುದು ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆವು. ಆ ಪ್ರಶ್ನೆಗೆ ಒಂದೇ ಉತ್ತರವಿರುವುದಿಲ್ಲ, ಯಾವ ವರ್ಷದ ಬಗ್ಗೆ ಕೇಳುತ್ತಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ ಎಂದು ತಿಳಿಯಲು ನಮಗೆ ಇಷ್ಟು ಕಾಲ ಹಿಡಿಯಿತು.

ಮನೆಯ ಹಿನ್ನೆಲೆ ಇಷ್ಟು. ಅಪ್ಪ 1984ರಲ್ಲಿ ಬೆಂಗಳೂರಿನ ಬೇಗೂರು ಹೋಬಳಿಯ ಒಂದು ಹಳ್ಳಿಯಲ್ಲಿ ಮೂವತ್ತು ನಲವತ್ತರ ಸೈಟು ಕೊಂಡರು. ಆಗ ಸುತ್ತ ರಾಗಿ ಹೊಲ. 1999ರಲ್ಲಿ ಪಕ್ಕದವರಿಂದ ಹತ್ತು ಅಡಿ ಅಗಲದ ಪಟ್ಟಿಯೊಂದನ್ನು ಬೇರೆ ಕ್ರಯಪತ್ರದಲ್ಲಿ ಕೊಂಡು ಸೇರಿಸಿಕೊಂಡರು. ನಿವೃತ್ತರಾದ ಮೇಲೆ ಅಪ್ಪ ಅಮ್ಮ ಇಬ್ಬರೂ ಮೈಸೂರಿಗೆ ನನ್ನ ಹತ್ತಿರ ಬಂದರು. 2022ರಲ್ಲಿ ಅಪ್ಪ ಹೋದರು. ಮನೆ ಪೂರ್ತಿ ಅಮ್ಮನ ಹೆಸರಿಗೇ ಇರಲಿ ಎಂದು ನಾವು ಮೂರೂ ಮಕ್ಕಳು ಹಕ್ಕು ಬಿಡುಗಡೆ ಪತ್ರ ಮಾಡಿಕೊಡುವುದೆಂದು ತೀರ್ಮಾನಿಸಿದೆವು. ವಕೀಲರು ಮೊದಲು ಕೇಳಿದ್ದು 1984ರಿಂದ ಈವರೆಗಿನ ಋಣಭಾರ ಪ್ರಮಾಣಪತ್ರ. ಹಳ್ಳಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಮನೆಯೇ ಗುರುತಾಗಿಬಿಡುತ್ತದೆ.

ತಮ್ಮ ಮಾಡಿದ ಮೊದಲ ಕೆಲಸ, ಯಾರಾದರೂ ಮಾಡುವಂಥದ್ದೇ. ಮೊಬೈಲಿನಲ್ಲಿ ಮ್ಯಾಪ್ ತೆಗೆದು ಹತ್ತಿರದ ಸಬ್ ರಿಜಿಸ್ಟ್ರಾರ್ ಆಫೀಸು ಯಾವುದೆಂದು ನೋಡಿದ. ಮನೆಯಿಂದ ಒಂದೂವರೆ ಕಿಲೋಮೀಟರ್ ತೋರಿಸಿತು. ಅರ್ಧ ದಿನ ರಜೆ ಹಾಕಿ ಹೋದ. ಅಲ್ಲಿ ಕಟ್ಟಡವಿತ್ತು, ಕಚೇರಿ ಇರಲಿಲ್ಲ. ಎರಡನೇ ಮಹಡಿಯಲ್ಲಿ ಟ್ಯೂಷನ್ ಕ್ಲಾಸ್ ನಡೆಯುತ್ತಿತ್ತು. ಕೆಳಗಿನ ಜೆರಾಕ್ಸ್ ಅಂಗಡಿಯವರು "ಅವರು ಖಾಲಿ ಮಾಡಿ ವರ್ಷದ ಮೇಲಾಯ್ತು ಸರ್" ಎಂದು ಹೊಸ ಜಾಗ ಹೇಳಿದರು. ಬೆಂಗಳೂರಿನ ಎಷ್ಟೋ ಉಪನೋಂದಣಿ ಕಚೇರಿಗಳು ಬಾಡಿಗೆ ಕಟ್ಟಡದಲ್ಲಿವೆ, ಕರಾರು ಮುಗಿದರೆ ಎದ್ದು ಹೋಗುತ್ತವೆ. ಮ್ಯಾಪಿನಲ್ಲಿ ಹಳೆಯ ಗುರುತು ಹಾಗೇ ಉಳಿದಿರುತ್ತದೆ. ಹೊಸ ಜಾಗಕ್ಕೆ ಹೋಗಿ ಸರದಿಯಲ್ಲಿ ನಿಂತು ಕಾಗದ ಮುಂದಿಟ್ಟರೆ, ಅಲ್ಲಿನವರು ಕ್ರಯಪತ್ರದ ಕೊನೆಯ ಪುಟ ತಿರುಗಿಸಿ ಹಳ್ಳಿಯ ಹೆಸರು ಓದಿ, "ಇದು ನಮಗೆ ಬರಲ್ಲ" ಎಂದರು.

ಒಂದೂವರೆ ಕಿಲೋಮೀಟರ್ ದೂರದ ಕಚೇರಿ ನಮ್ಮದಲ್ಲ. ಆರು ಕಿಲೋಮೀಟರ್ ಆಚೆಯದು ನಮ್ಮದು.

ದೂರಕ್ಕೂ ವ್ಯಾಪ್ತಿಗೂ ಸಂಬಂಧವೇ ಇಲ್ಲ ಎಂಬುದನ್ನು ವಕೀಲರು ಆಮೇಲೆ ವಿವರಿಸಿದರು. 1908ರ ನೋಂದಣಿ ಕಾಯ್ದೆಯ 5ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ ನೋಂದಣಿ ಜಿಲ್ಲೆ, ಉಪಜಿಲ್ಲೆಗಳನ್ನು ಮಾಡಿ ಅವುಗಳ ಗಡಿಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ನಮ್ಮ ಕಡೆ ಆ ಗಡಿ ಹೋಗುವುದು ಹಳ್ಳಿಗಳ ಲೆಕ್ಕದಲ್ಲಿ. ಪಾಲಿಕೆಯ ವಾರ್ಡು, ಪಿನ್‌ಕೋಡು, ಪೊಲೀಸ್ ಠಾಣೆ, ವಿಧಾನಸಭಾ ಕ್ಷೇತ್ರ ಇವು ಯಾವುವೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಊರು ಬೆಳೆದು ರಾಗಿ ಹೊಲವೆಲ್ಲ ಕ್ರಾಸು, ಮೇನು ಆದರೂ ನೋಂದಣಿ ಇಲಾಖೆಯ ಪುಸ್ತಕದಲ್ಲಿ ಆ ಜಾಗ ಇಂದಿಗೂ ಇಂಥ ಹೋಬಳಿಯ ಇಂಥ ಗ್ರಾಮ. ಹಳ್ಳಿ ಯಾವುದು ಎಂದು ಖಚಿತವಾದರೆ ಮಾತ್ರ ಕಚೇರಿ ಖಚಿತವಾಗುತ್ತದೆ.

ನಾವು ಎಡವಿದ್ದು ಅಲ್ಲೇ. ತಮ್ಮ ಮನೆಗೆ ಬಂದು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ, ಅಂದರೆ `kaveri.karnataka.gov.in` ನಲ್ಲಿ ಇ.ಸಿ.ಗೆ ಅರ್ಜಿ ಹಾಕಿದ. ಅದರಲ್ಲಿ ಗ್ರಾಮ ಆರಿಸಬೇಕು. ಅವನ ಕೈಗೆ ಸಿಕ್ಕಿದ್ದು ಪಾಲಿಕೆಯ ಕಂದಾಯ ರಸೀದಿ. ಅದರಲ್ಲಿ ಬಡಾವಣೆಯ ಹೆಸರಿನ ಮುಂದೆ ಒಂದು ಹಳ್ಳಿಯ ಹೆಸರಿತ್ತು. ಬಸ್ ನಿಲ್ದಾಣಕ್ಕೂ ಅದೇ ಹೆಸರು, ಅಂಚೆ ವಿಳಾಸಕ್ಕೂ ಅದೇ, ನಾವೆಲ್ಲ ನಲವತ್ತು ವರ್ಷ ಬಾಯಲ್ಲಿ ಹೇಳಿದ್ದೂ ಅದನ್ನೇ. ಅದನ್ನೇ ಒತ್ತಿದ. ಆ ಹಳ್ಳಿಯಲ್ಲಿ ನಮ್ಮ ಸರ್ವೆ ನಂಬರಿನಲ್ಲಿ ನಮ್ಮ ಸೈಟಿನ ವ್ಯವಹಾರ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದ್ದರಿಂದ ಫಾರಂ 16 ಬಂತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಕಾಗದವನ್ನು ತಪ್ಪಾಗಿ ಓದುವುದು ಬಹಳ ಸುಲಭ. ಕೇಳಿದ ಅವಧಿಯಲ್ಲಿ ನೋಂದಾಯಿತ ವ್ಯವಹಾರಗಳಿದ್ದರೆ ಅವುಗಳ ಪಟ್ಟಿ ಫಾರಂ 15ರಲ್ಲಿ ಬರುತ್ತದೆ. ಇಲ್ಲದಿದ್ದರೆ ಇಲ್ಲವೆಂದು ಹೇಳುವುದು ಫಾರಂ 16. ಆ "ಇಲ್ಲ"ದ ಅರ್ಥ "ನೀವು ಕೊಟ್ಟ ಹಳ್ಳಿ, ನೀವು ಕೊಟ್ಟ ನಂಬರು, ನೀವು ಕೊಟ್ಟ ಅವಧಿಗೆ ಹುಡುಕಿದಾಗ ಸಿಗಲಿಲ್ಲ" ಎಂದಷ್ಟೇ. ತಪ್ಪು ಹಳ್ಳಿ ಕೊಟ್ಟರೂ ಬರುವುದು ಅದೇ ಕಾಗದ, ಅದೇ ಮೊಹರು. ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯಲು ನಮಗಿದ್ದ ದಾರಿ ಒಂದೇ: ನಡೆದದ್ದು ಖಂಡಿತ ಎಂದು ನಮಗೆ ಗೊತ್ತಿರುವ ಒಂದು ವ್ಯವಹಾರ ಅದರಲ್ಲಿ ಕಾಣುತ್ತದೆಯೇ ಎಂದು ನೋಡುವುದು. ನಮಗೆ 2011ರ ಅಡಮಾನ ಇತ್ತು. ಅದು ಇರದಿದ್ದರೆ, ಶುದ್ಧವಾದ ಇ.ಸಿ. ಎಂದು ಅದನ್ನೇ ಕಡತಕ್ಕೆ ಸೇರಿಸಿ ಮುಂದೆ ಹೋಗಿಬಿಡುತ್ತಿದ್ದೆವು.

ಆ ರಾತ್ರಿ ನಾನು ಅಮ್ಮನ ಬೀರು ತೆಗೆಸಿ 1984ರ ಮೂಲಪತ್ರ ಹೊರಗೆ ತೆಗೆದೆ. ಹಳದಿಯಾದ ಛಾಪಾ ಕಾಗದ, ಮಡಿಕೆಗಳಲ್ಲಿ ಬಿರುಕು. ನಾವು ಮಕ್ಕಳು ಅದನ್ನು ಯಾವತ್ತೂ ಪೂರ್ತಿ ಓದಿದವರಲ್ಲ. ಕೊನೆಯಲ್ಲಿ ಷೆಡ್ಯೂಲು ಇತ್ತು: ಸರ್ವೆ ನಂಬರು, ಸೈಟಿನ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಬೇಗೂರು ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು. ಹಳ್ಳಿಯ ಹೆಸರು ನಾವು ಹೇಳುತ್ತ ಬಂದದ್ದಲ್ಲ, ಪಕ್ಕದ್ದು! ಬಡಾವಣೆ ಎರಡು ಹಳ್ಳಿಗಳ ಗಡಿಯ ಮೇಲೆ ಹರಡಿಕೊಂಡಿದೆ. ದೊಡ್ಡ ಭಾಗ ಒಂದರಲ್ಲಿ, ನಮ್ಮ ಬೀದಿಯೂ ಅದರ ಹಿಂದಿನದೂ ಇನ್ನೊಂದರಲ್ಲಿ. ಅಂದಿನಿಂದ ನಾವು ಅಕ್ಕತಮ್ಮ ಮಾತಾಡುವಾಗ ಒಂದನ್ನು ವಿಳಾಸದ ಹಳ್ಳಿ, ಇನ್ನೊಂದನ್ನು ಪತ್ರದ ಹಳ್ಳಿ ಎಂದು ಕರೆಯತೊಡಗಿದೆವು.

"ಅಮ್ಮ, ಇದು ನಿಂಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿಲ್ದೆ ಏನು. ಮೋರಿ ದಾಟಿದ್ರೆ ಬೇರೆ ಊರು ಅಂತ ನಿಮ್ಮಪ್ಪ ಹೇಳ್ತಿದ್ರು. ಊರಬ್ಬಕ್ಕೆ ನಾವು ಆರತಿ ತಗೊಂಡು ಹೋಗ್ತಿದ್ದದ್ದು ಇತ್ಲಾಗಿನ ಮಾರಮ್ಮನ ಗುಡಿಗೆ," ಎಂದರು ಅಮ್ಮ. ಕಂದಾಯ ರಸೀದಿಯಲ್ಲಿ ಇಲ್ಲದ್ದು ಅಮ್ಮನ ನೆನಪಿನಲ್ಲಿ ಸರಿಯಾಗಿತ್ತು.

ಆದರೂ ಒಂದೇ ಕಾಗದವನ್ನು ನಂಬಿ ಮತ್ತೆ ಎಡವುವುದು ಬೇಡವೆನಿಸಿತು. ಮರುದಿನ ಬೆಳಿಗ್ಗೆ ತಮ್ಮ ಮನೆಯ ಗೇಟಿನ ಮುಂದೆ ನಿಂತು ದಿಶಾಂಕ್ ಆ್ಯಪ್ ತೆರೆದ. ನಿಂತ ಜಾಗದ ಸರ್ವೆ ನಂಬರು, ಗ್ರಾಮ, ಹೋಬಳಿ, ತಾಲ್ಲೂಕನ್ನು ಅದು ತೋರಿಸುತ್ತದೆ. ಪತ್ರದ ಹಳ್ಳಿಯೇ ಬಂತು, ಸರ್ವೆ ನಂಬರೂ ಷೆಡ್ಯೂಲಿನದೇ. ಮೋರಿಯ ಆಚೆ ಹೋಗಿ ನೋಡಿದರೆ ವಿಳಾಸದ ಹಳ್ಳಿ. ಗಡಿಯ ಹತ್ತಿರ ಇದನ್ನು ಕಣ್ಣುಮುಚ್ಚಿ ನಂಬಬಾರದು. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹಾರುತ್ತದೆ, ಮೋರಿಯ ಪಕ್ಕ ನಿಂತಾಗ ಒಮ್ಮೆ ಇದು, ಒಮ್ಮೆ ಅದು ಬರುತ್ತಿತ್ತು. ಪತ್ರದಲ್ಲಿ ಇರುವುದಕ್ಕೆ ಇದು ಹೊಂದುತ್ತದೆಯೇ ಎಂದು ನೋಡಲು ಮಾತ್ರ ಬಳಸಿದೆವು.

ಹಳ್ಳಿ ಸಿಕ್ಕಿತು. ಆ ಹಳ್ಳಿ ಇಂದು ಯಾವ ಕಚೇರಿಗೆ ಸೇರಿದೆ? ಇದಕ್ಕೆ ಅತ್ಯಂತ ಗಟ್ಟಿಯಾದ ಉತ್ತರ ಸಿಕ್ಕಿದ್ದು ನಾವು ಊಹಿಸದ ಕಡೆ. ವಕೀಲರ ಕಚೇರಿಯಲ್ಲಿ ಹಿರಿಯರೊಬ್ಬರು ಪತ್ರ ಬರಹಗಾರರಿದ್ದಾರೆ. ಅವರು "ಗೈಡೆನ್ಸ್ ವ್ಯಾಲ್ಯೂ ಪಟ್ಟಿ ನೋಡಮ್ಮ, ಅದರಲ್ಲೇ ಎಲ್ಲ ಇರುತ್ತೆ" ಎಂದರು. ಮುದ್ರಾಂಕ ಶುಲ್ಕ ಲೆಕ್ಕ ಹಾಕುವ ಮಾರ್ಗಸೂಚಿ ದರದ ಪಟ್ಟಿಯನ್ನು ಒಂದೊಂದು ಉಪನೋಂದಣಿ ಕಚೇರಿಗೂ ಬೇರೆಬೇರೆಯಾಗಿ ಹೊರಡಿಸುತ್ತಾರೆ. ಮೇಲೆ ಕಚೇರಿಯ ಹೆಸರು, ಕೆಳಗೆ ಅದರ ವ್ಯಾಪ್ತಿಯ ಹಳ್ಳಿಗಳು, ಬಡಾವಣೆಗಳು, ರಸ್ತೆಗಳು, ಅಪಾರ್ಟ್‌ಮೆಂಟುಗಳು ಒಂದೊಂದಾಗಿ, ಪಕ್ಕದಲ್ಲಿ ದರ. ಈ ದರಗಳ ಪರಿಷ್ಕರಣೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತ್ತು, ಅದೇ ಪಟ್ಟಿ ನಮ್ಮ ಕೈಲಿತ್ತು. ವಿಳಾಸದ ಹಳ್ಳಿ ಒಂದು ಕಚೇರಿಯ ಪಟ್ಟಿಯಲ್ಲಿ, ಪತ್ರದ ಹಳ್ಳಿ ಇನ್ನೊಂದರಲ್ಲಿ. ನಮ್ಮ ಬಡಾವಣೆಯ ಹೆಸರು ಎರಡರಲ್ಲೂ ಇತ್ತು! ಬಡಾವಣೆಯ ಹೆಸರು ಹಿಡಿದು ಹುಡುಕಿದವರಿಗೆ ಮೊದಲು ಕಣ್ಣಿಗೆ ಬಿದ್ದ ಕಚೇರಿಯೇ ತಮ್ಮದೆನಿಸುವುದು ಸಹಜ. ಹಳ್ಳಿಯ ಹೆಸರು ಮಾತ್ರ ಒಂದರಲ್ಲೇ ಇತ್ತು.

ಸರಿಯಾದ ಗ್ರಾಮ ಹಾಕಿ ಮತ್ತೆ ಅರ್ಜಿ ಕೊಟ್ಟೆವು. ಈ ಸಲ ಫಾರಂ 15. 2011ರ ಅಡಮಾನ, 2017ರ ಬಿಡುಗಡೆ, ಎರಡೂ ಇದ್ದವು. ಅಪ್ಪನ ಹೆಸರು ಅಚ್ಚಿನಲ್ಲಿ ಕಂಡಾಗ ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡುತ್ತ ಕೂತರು.

ಆದರೆ ಕಾವೇರಿಯಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ಅದರ ಹಿಂದಿನ ಇಪ್ಪತ್ತು ವರ್ಷಕ್ಕೆ ಕಚೇರಿಗೇ ಅರ್ಜಿ ಕೊಟ್ಟು, ಅವರು ಕೈಬರಹದ ಸೂಚಿ ಪುಸ್ತಕಗಳಲ್ಲಿ ಹುಡುಕಿ ಬರೆದುಕೊಡಬೇಕು. ಅರ್ಜಿಯ ನಮೂನೆ 22 ತುಂಬಿ, ಪಟ್ಟಿಯಲ್ಲಿ ಕಂಡ ನಮ್ಮ "ಈಗಿನ" ಕಚೇರಿಗೆ ತಮ್ಮ ಹೊರಟ. ಈ ಸಲ ಮ್ಯಾಪ್ ನಂಬಲಿಲ್ಲ. ಇಲಾಖೆಯ ತಾಣದಲ್ಲಿದ್ದ ವಿಳಾಸ ನೋಡಿ, ಅದರಲ್ಲಿದ್ದ ಫೋನ್ ಯಾರೂ ಎತ್ತದಿದ್ದಾಗ, ಇತ್ತೀಚೆಗೆ ಅಲ್ಲಿ ನೋಂದಣಿ ಮಾಡಿಸಿದ ಪಕ್ಕದ ಬೀದಿಯವರನ್ನು ಕೇಳಿ ಖಾತ್ರಿ ಮಾಡಿಕೊಂಡು ಹೋದ.

ಅಲ್ಲಿನ ಸಿಬ್ಬಂದಿ 1984 ಎಂದು ನೋಡಿದ ಕೂಡಲೇ ತಲೆ ಎತ್ತಿದರು. "ಆಗ ಈ ಆಫೀಸೇ ಇರಲಿಲ್ಲ ಸರ್. ಪತ್ರದ ಹಿಂದುಗಡೆ ಸೀಲು ನೋಡಿ."

ತಮ್ಮ ಅಲ್ಲಿಂದಲೇ ಫೋನ್ ಮಾಡಿದ. ನಾನು ಮೂಲಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿ ಓದಿದೆ. ಅಂಡಾಕಾರದ ಮಾಸಿದ ಮೊಹರು: ಉಪನೋಂದಣಾಧಿಕಾರಿ, ಬೆಂಗಳೂರು ದಕ್ಷಿಣ ತಾಲ್ಲೂಕು. ಅದರ ಕೆಳಗೆ ಕೈಬರಹದಲ್ಲಿ ಒಂದನೇ ಪುಸ್ತಕ, ಅಂದರೆ ಸ್ಥಿರಾಸ್ತಿಯ ಪತ್ರಗಳನ್ನು ದಾಖಲಿಸುವ ಪುಸ್ತಕ, ಸಂಪುಟದ ನಂಬರು, ಇಷ್ಟನೇ ಪುಟದಿಂದ ಇಷ್ಟನೇ ಪುಟದವರೆಗೆ, ದಸ್ತಾವೇಜಿನ ನಂಬರು, ವರ್ಷ. ಆಮೇಲೆ 1999ರಲ್ಲಿ ಕೊಂಡ ಹತ್ತು ಅಡಿ ಜಾಗದ ಪತ್ರ ತಿರುಗಿಸಿದೆ. ಅದರ ಮೊಹರಿನಲ್ಲಿ ಬೇರೆ ಕಚೇರಿಯ ಹೆಸರು. ಈಗಿನದು ಮೂರನೆಯದು. ಒಂದೇ ಮನೆ, ಒಂದೇ ಹಳ್ಳಿ, ನಲವತ್ತು ವರ್ಷದಲ್ಲಿ ಮೂರು ಕಚೇರಿ.

(ಈಗ ಇದನ್ನು ಓದುವವರಿಗೆ ಒಂದು ಮಾತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಗಿದೆ. ಹಳೆಯ ಪತ್ರಗಳ ಮೊಹರಿನಲ್ಲಿರುವ ಬೆಂಗಳೂರು ದಕ್ಷಿಣ ತಾಲ್ಲೂಕು ಅದಲ್ಲ, ಬೆಂಗಳೂರು ನಗರ ಜಿಲ್ಲೆಯದು. ಹಳೇ ಪತ್ರ ಹಿಡಿದು ಯಾರೂ ರಾಮನಗರದ ಬಸ್ಸು ಹತ್ತದಿರಲಿ.)

ಊರು ಬೆಳೆದು ಪತ್ರಗಳು ಹೆಚ್ಚಾದಂತೆ ಒಂದು ಉಪಜಿಲ್ಲೆಯನ್ನು ಒಡೆದು ಹೊಸ ಕಚೇರಿ ತೆರೆಯುತ್ತಾರೆ. ಹಳ್ಳಿಗಳು ಹೊಸ ಕಚೇರಿಗೆ ಹೋಗುತ್ತವೆ. ನಮ್ಮ ವಿಷಯದಲ್ಲಿ ಹಳೆಯ ಪುಸ್ತಕಗಳು ಹಳ್ಳಿಯ ಜೊತೆ ಹೋಗಿರಲಿಲ್ಲ. ಒಂದು ಸಂಪುಟದಲ್ಲಿ ಇಡೀ ತಾಲ್ಲೂಕಿನ ಪತ್ರಗಳು ಬಂದ ಕ್ರಮದಲ್ಲಿ ಒಂದರ ಹಿಂದೆ ಒಂದು ಇರುತ್ತವೆ, ನಮ್ಮ ಹಳ್ಳಿಯ ಹಾಳೆಗಳನ್ನು ಮಾತ್ರ ಹರಿದು ಕೊಡಲಾಗುವುದಿಲ್ಲವಲ್ಲ. ಹಾಗಾಗಿ 1984ರ ನಮ್ಮ ಕ್ರಯ ಹಳೆಯ ಕಚೇರಿಯ ದಾಖಲೆಯಲ್ಲೇ ಕೂತಿತ್ತು. ಈಗಿನ ಕಚೇರಿಯಲ್ಲಿ ಎಷ್ಟು ಹುಡುಕಿದರೂ ಅದು ಸಿಗುತ್ತಿರಲಿಲ್ಲ.

ಹಾಗಾದರೆ ಹಳ್ಳಿ ಮೊದಲ ಕಚೇರಿಯಿಂದ ಎರಡನೆಯದಕ್ಕೆ ಹೋದದ್ದು ಯಾವಾಗ? 1984 ಮತ್ತು 1999ರ ನಡುವೆ ಎಲ್ಲೋ. ಆ ತಾರೀಖು ರಾಜ್ಯಪತ್ರದಲ್ಲಿ ಇರುತ್ತದೆ, ಆದರೆ ಹಳೆಯ ರಾಜ್ಯಪತ್ರಗಳನ್ನು ಹುಡುಕುತ್ತ ಕೂರಲು ನಮ್ಮಲ್ಲಿ ಸಮಯವಿರಲಿಲ್ಲ. ಪತ್ರ ಬರಹಗಾರರು ಸುಲಭದ ದಾರಿ ಹೇಳಿದರು. "ತಾರೀಖು ಬೇಡಮ್ಮ. ಎರಡೂ ಕಡೆ ಅವಧಿ ಸ್ವಲ್ಪ ಹೆಚ್ಚಾಗೇ ಕೇಳಿ, ಒಂದರ ಮೇಲೊಂದು ಬರೋ ಹಾಗೆ. ನಡುವೆ ಒಂದು ದಿನವೂ ಬಿಟ್ಟು ಹೋಗಬಾರದು, ಅಷ್ಟೇ." ಅದರಂತೆ ಮೊದಲ ಕಚೇರಿಯ ಹೆಸರಿನಲ್ಲಿ 1984ರಿಂದ 2000ದವರೆಗೆ, ಎರಡನೆಯದರಲ್ಲಿ ಅಲ್ಲಿನ ದಾಖಲೆ ಶುರುವಾಗುವ ದಿನದಿಂದ 2004ರ ಮಾರ್ಚ್ 31ರವರೆಗೆ ಕೇಳಿದೆವು. ಹುಡುಕುವ ಶುಲ್ಕ ವರ್ಷದ ಲೆಕ್ಕದಲ್ಲಿ ಬೀಳುವುದರಿಂದ ಸ್ವಲ್ಪ ಹೆಚ್ಚು ಖರ್ಚಾಯಿತು. ಅದರ ಬಗ್ಗೆ ಬೇಸರವಿಲ್ಲ.

ಮೊದಲ ಕಚೇರಿಯ ಹಳೆಯ ಪುಸ್ತಕಗಳು ಈಗ ಯಾವ ಕಟ್ಟಡದಲ್ಲಿವೆ ಎಂದು ಕಂಡುಹಿಡಿಯುವುದೇ ಕಷ್ಟವಾಯಿತು. ಒಂದು ಕಚೇರಿಯಲ್ಲಿ "ಇಲ್ಲಿದೆ, ಬನ್ನಿ" ಎಂದರು. ತಮ್ಮ ಹೋದ ಮೇಲೆ "ಆ ವರ್ಷದ್ದು ನಮ್ಮಲ್ಲಿಲ್ಲ" ಎಂದರು. ಅವರು ಸುಳ್ಳು ಹೇಳಿದ್ದಲ್ಲ, ನಾವು ಕೇಳಿದ ರೀತಿ ಸರಿಯಿರಲಿಲ್ಲ. "ಬೇಗೂರು ಹೋಬಳಿ ನಿಮ್ಮಲ್ಲಿ ಬರುತ್ತದೆಯೇ" ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾರೆ, ಅವರಿಗೆ ತೋರುವುದು ಇಂದಿನ ವ್ಯಾಪ್ತಿ. ಮುಂದಿನ ಸಲ ನಾನೇ ಫೋನ್ ಮಾಡಿ, "1984–85ನೇ ಸಾಲಿನ ಒಂದನೇ ಪುಸ್ತಕದ ಇಂತಿಷ್ಟನೇ ಸಂಪುಟ ನಿಮ್ಮ ರೆಕಾರ್ಡ್ ರೂಮಿನಲ್ಲಿದೆಯೇ?" ಎಂದು ಕೇಳಿದೆ. ಆ ಕಡೆಯವರು ಹತ್ತು ನಿಮಿಷ ಬಿಟ್ಟು ಮಾಡಲು ಹೇಳಿ, ಒಳಗೆ ಹೋಗಿ ನೋಡಿ ಬಂದು, "ಇದೆ, ಮೇಡಂ" ಎಂದರು. ಸಂಪುಟದ ನಂಬರು ಕೊಟ್ಟು ಕೇಳಿದ ಮೇಲೆ ಒಂದು ಸಲವೂ ಸುಮ್ಮನೆ ಓಡಾಡಲಿಲ್ಲ. ಒಂದನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ಕಾಯ್ದೆಯ 57ನೇ ಕಲಮು ಆ ಹಕ್ಕು ಕೊಟ್ಟಿದೆ. ಇದು ಗೊತ್ತಿದ್ದರೆ ಕೌಂಟರಿನ ಮುಂದೆ ಅಂಜಿಕೆಯಿಲ್ಲದೆ ಕೇಳಬಹುದು.

ಕಾಯುವ ದಿನಗಳಲ್ಲಿ ಇನ್ನೊಂದು ಗೊಂದಲ ಬಗೆಹರಿಯಿತು. ಅಪ್ಪನ ಹೆಸರಿನಲ್ಲಿ ನಾಮಿನಿ ಇಲ್ಲದ ಒಂದು ಠೇವಣಿ ಬೆಂಗಳೂರಿನ ಶಾಖೆಯಲ್ಲಿತ್ತು. ಬ್ಯಾಂಕಿನವರು ಉತ್ತರಾಧಿಕಾರ ಪ್ರಮಾಣಪತ್ರ ಕೇಳಿದರು. ಮನೆ, ಹಣ ಎರಡೂ ಬೆಂಗಳೂರಿನಲ್ಲೇ ಇರುವುದರಿಂದ ಅಲ್ಲಿನ ಕೋರ್ಟಿಗೇ ಹೋಗಬೇಕೆಂದು ತಮ್ಮ ಸಿದ್ಧನಾಗಿದ್ದ. ವಕೀಲರು ಬೇಡವೆಂದರು. ಸ್ಥಿರಾಸ್ತಿಯ ಪತ್ರಕ್ಕೆ, ದಾವೆಗೆ ನೆಲ ಎಲ್ಲಿದೆ ಎಂಬುದು ಮುಖ್ಯ. ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಹಾಗಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 371ನೇ ಕಲಮಿನ ಪ್ರಕಾರ, ತೀರಿಕೊಂಡವರು ಆ ಸಮಯದಲ್ಲಿ ಸಾಮಾನ್ಯವಾಗಿ ಎಲ್ಲಿ ವಾಸವಿದ್ದರೋ ಆ ಜಾಗದ ಮೇಲೆ ಅಧಿಕಾರವಿರುವ ನ್ಯಾಯಾಲಯ. ನಿಶ್ಚಿತ ವಾಸಸ್ಥಳ ಇಲ್ಲದಿದ್ದಾಗ ಮಾತ್ರ ಆಸ್ತಿ ಇರುವ ಜಾಗ ನೋಡುತ್ತಾರೆ. ಅಪ್ಪ ಕೊನೆಯ ವರ್ಷಗಳಲ್ಲಿ ಮೈಸೂರಿನಲ್ಲಿದ್ದರು, ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲ ಇಲ್ಲಿಯದೇ. ಆದ್ದರಿಂದ ಠೇವಣಿಗೆ ಮೈಸೂರಿನ ನ್ಯಾಯಾಲಯ, ಮನೆಗೆ ಬೆಂಗಳೂರಿನ ಕಚೇರಿ. ಒಬ್ಬರೇ ಅಪ್ಪನ ಎರಡು ಆಸ್ತಿಗೆ ಎರಡು ಊರು.

ತಪ್ಪು ಕಚೇರಿಯಲ್ಲಿ ಪತ್ರ ನೋಂದಾಯಿಸಿದರೆ ಏನಾಗುತ್ತದೆ ಎಂದು ವಕೀಲರನ್ನು ಅವತ್ತೇ ಕೇಳಿದೆ. ಅವರು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್‌ನ 1914ರ ಒಂದು ತೀರ್ಪಿನ ಕಥೆ ಹೇಳಿದರು. ಬಂಗಾಳದ ಒಂದು ಅಡಮಾನ ಪತ್ರ. ಅಸಲು ಜಮೀನುಗಳು ಇದ್ದದ್ದು ಕಲ್ಕತ್ತೆಯ ಹೊರಗೆ. ಕಲ್ಕತ್ತೆಯಲ್ಲೇ ನೋಂದಾಯಿಸಬೇಕೆಂದು ಅಲ್ಲಿನ ಒಂದು ಬೀದಿಯ ಮನೆಯನ್ನು ಪತ್ರದಲ್ಲಿ ಸೇರಿಸಿದ್ದರು. ಅಂಥ ಮನೆಯೇ ಇರಲಿಲ್ಲ. ಇದು ನೋಂದಣಿ ಕಾನೂನಿಗೆ ಮಾಡಿದ ವಂಚನೆ, ನೋಂದಣಿಯೇ ಸಿಂಧುವಲ್ಲ ಎಂದು ತೀರ್ಪಾಯಿತು. ನೋಂದಣಿ ಕಾಯ್ದೆಯ 28ನೇ ಕಲಮು ಅಷ್ಟು ಗಟ್ಟಿ: ಆಸ್ತಿ ಪೂರ್ತಿಯಾಗಿಯೋ ಅದರ ಒಂದು ಭಾಗವೋ ಯಾವ ಉಪಜಿಲ್ಲೆಯಲ್ಲಿದೆಯೋ ಅಲ್ಲೇ ಪತ್ರ ಹಾಜರುಪಡಿಸಬೇಕು.

"ಈಗ ಎಲ್ಲಿ ಬೇಕಾದರೂ ನೋಂದಾಯಿಸಬಹುದು ಅಂತಾರಲ್ಲ?" ಎಂದು ತಂಗಿ ಕೇಳಿದಳು. ಅವಳು ಕೇಳಿದ್ದು ಸರಿಯೇ. ಬೆಂಗಳೂರಿನಲ್ಲಿ ಒಂದು ನೋಂದಣಿ ಜಿಲ್ಲೆಯೊಳಗಿನ ಯಾವ ಕಚೇರಿಯಾದರೂ ಆದೀತು ಎಂಬ ಅನುಕೂಲ ಮೊದಲೇ ಇತ್ತು. 2024ರ ಸೆಪ್ಟೆಂಬರ್‌ನಿಂದ ರಾಜ್ಯದ ಎಲ್ಲ ಕಡೆ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಗಾದರೂ ಹೋಗಬಹುದೆಂದಾಯಿತು. ಹಾಗೆಂದು ಮೈಸೂರಿನಲ್ಲಿ ಕೂತು ಬೆಂಗಳೂರಿನ ಮನೆಯ ಪತ್ರ ಮಾಡಿಸಲಾಗದು, ಅದು ಜಿಲ್ಲೆಯ ಒಳಗಿನ ಮಾತು. ಇನ್ನೊಂದು ಗಮನಿಸಬೇಕು: ಬದಲಾದದ್ದು ನಾವು ಹೋಗಿ ಹೆಬ್ಬೆಟ್ಟು ಒತ್ತುವ, ಫೋಟೋ ತೆಗೆಸಿಕೊಳ್ಳುವ ಜಾಗ. ಅರ್ಜಿಯಲ್ಲಿ ಆಸ್ತಿಯ ಗ್ರಾಮವನ್ನು ಸರಿಯಾಗಿಯೇ ಹೇಳಬೇಕು. ಮಾರ್ಗಸೂಚಿ ದರ ಆ ಗ್ರಾಮದ ಪಟ್ಟಿಯಿಂದ ಬರುತ್ತದೆ, ನಾಳೆ ಇ.ಸಿ. ತೆಗೆಯುವವರು ಹುಡುಕುವುದೂ ಆ ಗ್ರಾಮದ ಹೆಸರಿನಲ್ಲೇ. ಅಲ್ಲಿ ವಿಳಾಸದ ಹಳ್ಳಿ ಹಾಕಿದ್ದರೆ ಅಮ್ಮನ ಹೊಸ ಪತ್ರ ಒಂದು ಕಡೆ, ಅಪ್ಪನ ಹಳೆಯ ಪತ್ರ ಇನ್ನೊಂದು ಕಡೆ ಉಳಿದು, ಎರಡರ ನಡುವಿನ ಕೊಂಡಿ ಯಾವ ಇ.ಸಿ.ಯಲ್ಲೂ ಕಾಣುತ್ತಿರಲಿಲ್ಲ. ಅಪಾರ್ಟ್‌ಮೆಂಟು ಕೊಳ್ಳುವವರು ಬಿಲ್ಡರ್ ಇಟ್ಟ ಹೆಸರನ್ನಷ್ಟೇ ನೋಡಿ ಷೆಡ್ಯೂಲಿನ ಗ್ರಾಮವನ್ನು ಓದದೆ ಸಹಿ ಹಾಕುವುದನ್ನು ಕಂಡರೆ ಈಗ ನನಗೆ ನಿಜವಾಗಿ ಭಯವಾಗುತ್ತದೆ.

ಎರಡೂ ಕೈಬರಹದ ಇ.ಸಿ.ಗಳು ಬರಲು ಐದು ವಾರ ಹಿಡಿಯಿತು. ಮೊದಲ ಕಚೇರಿಯದರಲ್ಲಿ 1984ರ ಕ್ರಯ ಇತ್ತು. ಎರಡನೆಯದರಲ್ಲಿ 1999ರ ಹತ್ತು ಅಡಿ ಜಾಗದ ಕ್ರಯ ಇತ್ತು. ಕಾವೇರಿಯದರಲ್ಲಿ ಅಡಮಾನ, ಬಿಡುಗಡೆ. ನಮಗೆ ಗೊತ್ತಿದ್ದ ನಾಲ್ಕು ವ್ಯವಹಾರಗಳೂ ಮೂರು ಕಾಗದಗಳಲ್ಲಿ ಒಂದೊಂದಾಗಿ ಸಿಕ್ಕವು, ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ವಕೀಲರು ಮೂರನ್ನೂ ಪಕ್ಕಪಕ್ಕ ಇಟ್ಟು ಅವಧಿಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಒಂದರ ತುದಿ ಇನ್ನೊಂದರ ಆರಂಭವನ್ನು ದಾಟಿದೆಯೇ ಎಂದು ನೋಡಿ ತಲೆಯಾಡಿಸಿದರು.

ನವೆಂಬರ್‌ನಲ್ಲಿ ಪತ್ರವಾಯಿತು. ಆ ಹೊತ್ತಿಗೆ ಇ-ಖಾತಾ ಕಡ್ಡಾಯವಾಗಿ ಇನ್ನೊಂದಿಷ್ಟು ಓಡಾಟ ಸೇರಿಕೊಂಡಿತ್ತು. ಅದರಲ್ಲಿಯೂ ಗ್ರಾಮದ ಹೆಸರು ತಾಳೆಯಾಗುವಂತೆ ನೋಡಿಕೊಂಡೆವು. ಅಮ್ಮನಿಗೆ ಮೆಟ್ಟಿಲು ಹತ್ತುವುದು ಕಷ್ಟವಾದ್ದರಿಂದ ಜಿಲ್ಲೆಯೊಳಗೆ ಯಾವ ಕಚೇರಿಯಾದರೂ ಆಗುತ್ತದೆಂಬ ಅನುಕೂಲ ಬಳಸಿ, ನೆಲಮಹಡಿಯಲ್ಲಿರುವ ಕಚೇರಿಯೊಂದನ್ನು ಆರಿಸಿಕೊಂಡೆವು. ಹಿಂದಿನ ದಿನ ತಮ್ಮ ಅಲ್ಲಿಗೆ ಹೋಗಿ, ಕಚೇರಿ ಅಲ್ಲೇ ಇದೆಯೇ, ಆಟೋ ಬಾಗಿಲವರೆಗೆ ಬರುತ್ತದೆಯೇ ಎಂದು ನೋಡಿ ಬಂದ. ಅಮ್ಮ ಕ್ಯಾಮೆರಾದ ಮುಂದೆ ಸೆರಗು ಸರಿಮಾಡಿಕೊಂಡು ಕೂತರು. ಸಿಬ್ಬಂದಿ ಪರದೆಯನ್ನು ನಮ್ಮ ಕಡೆ ತಿರುಗಿಸಿ, "ಆಸ್ತಿ ವಿವರ ಸರಿ ಇದೆಯಾ, ಒಂದ್ಸಲ ಓದ್ಕೊಳಿ" ಎಂದರು. ನಾನು ಜೋರಾಗಿ ಓದಿದೆ. ಹಳ್ಳಿಯ ಹೆಸರು ಬಂದಾಗ ಅಮ್ಮ "ಹ್ಞೂಂ, ಅದೇ" ಎಂದರು.

ಇಪ್ಪತ್ತು ದಿನ ಬಿಟ್ಟು ಪತ್ರದ ಹಳ್ಳಿಯ ಹೆಸರಿನಲ್ಲಿ ಮತ್ತೊಂದು ಇ.ಸಿ. ತೆಗೆದೆ. ಅಡಮಾನ, ಬಿಡುಗಡೆ, ಅವುಗಳ ಕೆಳಗೆ ಮೂರನೆಯ ಸಾಲು: ಬಿಟ್ಟುಕೊಟ್ಟವರು ನಾವು ಮೂವರು, ಪಡೆದವರು ಅಮ್ಮ. ಅದರ ಎರಡು ಪ್ರತಿ ಮಾಡಿಸಿ, ಒಂದನ್ನು ಬೀರುವಿನಲ್ಲಿ 1984ರ ಪತ್ರದ ಜೊತೆ ಇಟ್ಟೆ. ಆ ಲಕೋಟೆಯ ಮೇಲೆ ಮೂರು ಕಚೇರಿಗಳ ಹೆಸರು, ಒಂದೊಂದರ ಅವಧಿ, ಸಂಪುಟದ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.